ಬೆನ್ನುಮೂಳೆಯೊಳಗಿನ ಕುದುರೆಬಾಲ

ನಮ್ಮ ಬೆನ್ನುಹುರಿಯು ಬೆನ್ನುಮೂಳೆಯ ತುದಿಯವರೆಗೂ ಇಳಿಯುವುದಿಲ್ಲ. ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಬಳಿ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಬೇರುಗಳು ಮಾತ್ರ ಕುದುರೆಯ ಬಾಲದಂತೆ ಜೋತುಬಿದ್ದಿರುತ್ತವೆ. ಈ ಗೊಂಚಲಿನ ಅಂಚಿನ ಬೇರುಗಳು ಕಾಲಿಗೆ ಹೋಗುತ್ತವೆ. ನಡುವಿನವು ಮೂತ್ರಕೋಶ, ಗುದ ಮತ್ತು ಜನನೇಂದ್ರಿಯಗಳಿಗೆ. ಶಿಶ್ನಕ್ಕೆ ರಕ್ತ ತುಂಬಿ ನಿಮಿರಬೇಕೆಂಬ ಆಜ್ಞೆಯನ್ನು ಒಯ್ಯುವ ನರಗಳೂ ಇವುಗಳಲ್ಲಿವೆ.

ಮೂಟೆ ಹೊರುವ ಕೂಲಿಯೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಸೊಂಟದ 4 ಮತ್ತು 5ನೆಯ ಮಣಿಗಳ ನಡುವಣ ಮೆತ್ತೆಯು ಪಕ್ಕಕ್ಕೆ ಉಬ್ಬಿ ಒಂದು ಬೇರನ್ನು ಒತ್ತಿದೆ. ಪೃಷ್ಠದಿಂದ ಪಾದದವರೆಗೆ ಒಂದೇ ಕಾಲಿನಲ್ಲಿ ಸೆಳೆತ. ಇದೇ ಸಯಾಟಿಕ. ನೋವಿನ ಭಯದಿಂದ ಅವನು ಸಂಭೋಗಕ್ಕೆ ಹಿಂಜರಿಯಬಹುದು. ಆದರೆ ನಿಮಿರುವಿಕೆಯ ನರಗಳಿಗೆ ಏನೂ ಆಗಿಲ್ಲ. ಇಂತಹ ನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ಒಂದು ದಿನ ಅದೇ ಮೆತ್ತೆಯು ನಟ್ಟನಡುವೆ ಹಿಂದಕ್ಕೆ ನುಗ್ಗಿತೆನ್ನಿ. ನೋವು ಎರಡೂ ಕಾಲುಗಳಿಗೆ ಹರಡುತ್ತದೆ. ಕುದುರೆಯೇರಿದಾಗ ಜೀನು ತಾಗುವ ಭಾಗವೆಲ್ಲ, ಅಂದರೆ ಗುದದ ಸುತ್ತು, ಜನನೇಂದ್ರಿಯ, ತೊಡೆಯ ಒಳಬದಿ, ಮರಗಟ್ಟುತ್ತದೆ. ಮೂತ್ರ ತುಂಬಿದ್ದರೂ ತಿಳಿಯದು, ಕುಳಿತರೂ ಹೊರಡದು. ನಿಮಿರುವಿಕೆ ಕುಗ್ಗುತ್ತದೆ. ಇದನ್ನು ನಾಚಿಕೆಯಿಂದ ಮುಚ್ಚಿಟ್ಟರೆ ವೈದ್ಯನಿಗೆ ಮುಖ್ಯ ಸುಳಿವೇ ತಪ್ಪುತ್ತದೆ. ಅಂದೇ ಆಸ್ಪತ್ರೆಗೆ ಹೋಗಿ ಎಂ.ಆರ್.ಐ. ಚಿತ್ರ ತೆಗೆಸಬೇಕು, ಒತ್ತಡ ಕಂಡುಬಂದರೆ ತಡಮಾಡದೆ ಶಸ್ತ್ರಕ್ರಿಯೆ ಆಗಬೇಕು. ಮೂತ್ರ ಪೂರ್ತಿ ಕಟ್ಟುವ ಮುನ್ನ ಒತ್ತಡವನ್ನು ತೆಗೆದರೆ ನರಗಳು ಚೇತರಿಸಿಕೊಳ್ಳುವ ಸಂಭವ ಹೆಚ್ಚು. ಕಟ್ಟಿದ ಮೇಲೆ ನಿಮಿರುವಿಕೆಯೂ ಮರಳದೆ ಹೋಗಬಹುದು.

ಹೊಟ್ಟೆಯ ಕಡೆಯಿಂದ ಮಾಡುವ ಬೆನ್ನಿನ ಶಸ್ತ್ರಕ್ರಿಯೆಯ ಅಪಾಯ ಬೇರೆ ಬಗೆಯದು. ಮಣಿಗಳ ಮುಂದಿರುವ ನರಜಾಲಕ್ಕೆ ಪೆಟ್ಟಾದರೆ ಮೂತ್ರಕೋಶದ ಕೊರಳು ಮುಚ್ಚಿಕೊಳ್ಳದು. ವೀರ್ಯ ಹೊರಬರದೆ ಹಿಂದಕ್ಕೆ ಮೂತ್ರಕೋಶಕ್ಕೆ ಹರಿಯುತ್ತದೆ. ನಿಮಿರುವಿಕೆ ಮಾತ್ರ ಸಾಮಾನ್ಯವಾಗಿ ಉಳಿದಿರುತ್ತದೆ.