ಕೇಳಿಸುವ ದನಿ, ಕದಲದ ನಂಬಿಕೆ

ಇಪ್ಪತ್ತರ ಹುಡುಗ ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಪಕ್ಕದ ಮನೆಯವರು ತನ್ನನ್ನು ಬೈಯುವುದು ಅವನಿಗೆ ಕೇಳಿಸುತ್ತಿದೆ. ಅಲ್ಲಿ ಯಾರೂ ಮಾತಾಡುತ್ತಿಲ್ಲ. ಇದು ಹ್ಯಾಲುಸಿನೇಷನ್. ಅವನು ನಟಿಸುತ್ತಿಲ್ಲ, ದನಿ ಅವನಿಗೆ ನಿಜವಾಗಿಯೇ ಕೇಳಿಸುತ್ತದೆ.

"ಅವರು ನನ್ನ ಊಟಕ್ಕೆ ವಿಷ ಹಾಕ್ತಿದ್ದಾರೆ" ಅಂತಲೂ ಅವನು ಹೇಳುತ್ತಾನೆ. ಅಮ್ಮ ಅದೇ ತಟ್ಟೆಯಿಂದ ಉಂಡು ತೋರಿಸಿದರೂ ಆ ನಂಬಿಕೆ ಕದಲುವುದಿಲ್ಲ. ಇದು ಡೆಲ್ಯೂಷನ್.

ಮನೋವೈದ್ಯರು ಮನೆಯವರಿಗೆ ಹೀಗೆ ವಿವರಿಸುತ್ತಾರೆ: "ಇದು ಸೈಕೋಸಿಸ್‌ನ ಮೊದಲ ಎಪಿಸೋಡ್. ಇದು ನೀವು ಬೆಳೆಸಿದ ರೀತಿಯಿಂದ ಬಂದದ್ದಲ್ಲ. ಸ್ಕಿಜೋಫ್ರೀನಿಯಾ ಅಂತ ಈಗಲೇ ಹೆಸರಿಡುವುದಿಲ್ಲ. ಗಾಂಜಾ, ಬೈಪೋಲಾರ್ ಕಾಯಿಲೆ, ಮಿದುಳಿನ ಸೋಂಕಿನಿಂದಲೂ ಹೀಗಾಗಬಹುದು. ಅದಕ್ಕೇ ರಕ್ತ, ಮೂತ್ರ ಪರೀಕ್ಷೆ ಮಾಡಿಸುತ್ತೇವೆ, ಕೆಲವು ತಿಂಗಳು ಗಮನಿಸುತ್ತೇವೆ. ಔಷಧಿ ಮಾತ್ರ ಈಗಲೇ ಶುರು ಮಾಡೋಣ. ತಡವಾದಷ್ಟೂ ಚೇತರಿಕೆ ಕಷ್ಟ."

ಮನೆಯಲ್ಲಿ ವಿಷದ ಬಗ್ಗೆ ವಾದಕ್ಕಿಳಿಯಬೇಡಿ, ಹೌದು ಅಂತ ತಲೆಯಾಡಿಸಲೂಬೇಡಿ. "ನನಗೆ ಆ ದನಿ ಕೇಳಿಸ್ತಿಲ್ಲ ಕಂದಾ, ಆದ್ರೆ ನಿನಗೆ ಎಷ್ಟು ಭಯ ಆಗ್ತಿದೆ ಅಂತ ಗೊತ್ತಾಗ್ತಿದೆ" ಅನ್ನಿ.

ಔಷಧಿ ಶುರುವಾದ ಎರಡು ವಾರದಲ್ಲಿ ನಿದ್ದೆ ಸುಧಾರಿಸಿ, ದನಿಗಳು ಕಡಿಮೆಯಾಗಬಹುದು. ನಂಬಿಕೆ ಸಡಿಲವಾಗಲು ಇನ್ನೂ ಹೆಚ್ಚು ಸಮಯ ಬೇಕಾಗಬಹುದು. ಹುಷಾರಾದ ಅಂತ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು.

ಸಾಯಲು ಅಥವಾ ಯಾರಿಗಾದರೂ ಹೊಡೆಯಲು ದನಿ ಹೇಳುತ್ತಿದ್ದರೆ, ಊಟ ನೀರು ಬಿಟ್ಟಿದ್ದರೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸಲಹೆಗೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.