ಟಿವಿಯಲ್ಲಿ ಕೋಡ್, ಫೋನಿನಲ್ಲಿ ಲಾಗಿನ್

ರಿಮೋಟ್‌ನಲ್ಲಿ ಒಂದೊಂದೇ ಅಕ್ಷರ ಹುಡುಕಿ ಪಾಸ್‌ವರ್ಡ್ ಒತ್ತುವ ಶಿಕ್ಷೆ ಯಾರಿಗೂ ಬೇಡ. ಯೂಟ್ಯೂಬ್‌ನಲ್ಲಿ ಸೈನ್ ಇನ್ ಒತ್ತಿದರೆ ಟಿವಿ ಪರದೆಯ ಮೇಲೆ ಒಂದು ಕೋಡ್ ಬರುತ್ತದೆ. ಫೋನಿನ ಬ್ರೌಸರ್‌ನಲ್ಲಿ `youtube.com/activate` ತೆರೆದು, ನಿಮ್ಮ ಖಾತೆಗೆ ಲಾಗಿನ್ ಆಗಿ, ಆ ಕೋಡ್ ಹಾಕಿ ಒಪ್ಪಿಗೆ ಕೊಟ್ಟರೆ ಟಿವಿ ತಾನಾಗಿ ತೆರೆದುಕೊಳ್ಳುತ್ತದೆ. ಕೋಡ್‌ಗೆ ಆಯಸ್ಸು ಕಡಿಮೆ. ತಡವಾದರೆ ಹೊಸದನ್ನು ಪಡೆಯಬೇಕು. ವಿಳಾಸವನ್ನು ನೀವೇ ಟೈಪ್ ಮಾಡಿ. ಗೂಗಲ್‌ನಲ್ಲಿ ಹುಡುಕಹೊರಟರೆ ‘ಆ್ಯಕ್ಟಿವೇಶನ್ ಶುಲ್ಕ’ ಕೇಳುವ ನಕಲಿ ತಾಣಗಳು ಎದುರಾಗಬಹುದು. ಈ ಕೋಡ್‌ಗೆ ಒಂದು ಪೈಸೆಯೂ ಇಲ್ಲ.

ಲಾಗಿನ್ ಆಯಿತು, ವಿಡಿಯೊ ಮಾತ್ರ ತಡವರಿಸುತ್ತಿದೆಯೇ? ಸೆಟ್ಟಿಂಗ್ಸ್‌ನಲ್ಲಿ `Stats for nerds` ಆನ್ ಮಾಡಿ. ಅಲ್ಲಿ `Buffer Health` ಸೊನ್ನೆಯತ್ತ ಇಳಿಯುತ್ತಿದ್ದರೆ ತಪ್ಪು ಇಂಟರ್ನೆಟ್‌ನದು: ರೌಟರ್ ಹತ್ತಿರ ತನ್ನಿ, ಇಲ್ಲವೇ ಲ್ಯಾನ್ ಕೇಬಲ್ ಎಳೆಯಿರಿ. 4ಕೆ ವಿಡಿಯೊಗೆ ಸುಮಾರು 20 ಎಂಬಿಪಿಎಸ್ ಬೇಕು, 1080ಪಿಗೆ 5 ಸಾಕು. ಬಫರ್ ತುಂಬಿದ್ದೂ ಬಿಟ್ಟುಹೋದ ಫ್ರೇಮ್‌ಗಳ ಲೆಕ್ಕ ಏರುತ್ತಲೇ ಇದ್ದರೆ ಸುಸ್ತಾಗಿರುವುದು ಪೆಟ್ಟಿಗೆ. ಆಗ ಇಂಟರ್ನೆಟ್ ಪ್ಲಾನ್ ಬದಲಿಸುವುದು ದುಡ್ಡು ದಂಡ. ಗುಣಮಟ್ಟ ಇಳಿಸಿ, ಆ್ಯಪ್‌ನ ಕ್ಯಾಶ್ ಅಳಿಸಿ.

ಚಿತ್ರವೇ ಬಾರದಿದ್ದರೆ ಪ್ಲಗ್ ಕಿತ್ತು ಒಂದು ನಿಮಿಷ ಬಿಡಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಅದು ಸ್ಟ್ಯಾಂಡ್‌ಬೈಗೆ ಹೋಗುತ್ತದೆ ಅಷ್ಟೆ.