ಕಡಿತಗಳೆಂಬ ವಾಸ್ತವ ಸಂಖ್ಯೆಗಳು

ವರ್ಗವು 2ಕ್ಕಿಂತ ಕಡಿಮೆಯಿರುವ ಧನ ಭಾಗಲಬ್ಧ ಸಂಖ್ಯೆಗಳಲ್ಲಿ ಗರಿಷ್ಠವೆಂಬುದಿಲ್ಲ: x ಅಂಥದಾದರೆ (2x+2)/(x+2) ಅದಕ್ಕಿಂತ ದೊಡ್ಡದು, ಆದರೂ ಅಂಥದೇ. 1ರಿಂದ 4/3, ಅದರಿಂದ 7/5 ದೊರೆಯುತ್ತವೆ. ಈ ಸಂಖ್ಯೆಗಳಿಗೆ ಭಾಗಲಬ್ಧಗಳಲ್ಲಿ ಕನಿಷ್ಠ ಮೇಲ್ಮಿತಿಯೂ ಇಲ್ಲ. 1872ರಲ್ಲಿ ಡೆಡೆಕಿಂಡ್ ಈ ಬಿರುಕನ್ನೇ ಸಂಖ್ಯೆಯ ಆಧಾರವಾಗಿಸಿದನು.

ಶೂನ್ಯಗಣವೂ ಅಲ್ಲದ, ಸಮಸ್ತ ಭಾಗಲಬ್ಧಗಳೂ ಅಲ್ಲದ ಗಣವೊಂದು ತನ್ನ ಸದಸ್ಯಕ್ಕಿಂತ ಚಿಕ್ಕವಾದುವನ್ನೆಲ್ಲ ಒಳಗೊಂಡು, ಗರಿಷ್ಠ ಸದಸ್ಯವಿಲ್ಲದಿದ್ದರೆ ಅದು 'ಕಡಿತ'. ಅದೇ ವಾಸ್ತವ ಸಂಖ್ಯೆ. ಮೇಲಿನ ಸಂಖ್ಯೆಗಳೊಡನೆ ಸೊನ್ನೆಯನ್ನೂ ಋಣ ಭಾಗಲಬ್ಧಗಳನ್ನೂ ಸೇರಿಸಿದರೆ √2. ಗರಿಷ್ಠವಿರಬಾರದೆಂಬ ನಿಯಮವನ್ನು ಕೈಬಿಟ್ಟರೆ 1ಕ್ಕೇ ಎರಡು ಕಡಿತಗಳಾದಾವು.

A ಎಂಬುದು Bಯಲ್ಲಿ ಅಡಗಿದ್ದರೆ A ≤ B. ಈಗ ಶೂನ್ಯವಲ್ಲದ ಕಡಿತಸಮೂಹಕ್ಕೆ M ಮೇಲ್ಮಿತಿಯಾಗಿರಲಿ. ಆ ಕಡಿತಗಳ ಸಂಯೋಗ S. ಅದು Mನಲ್ಲಿ ಅಡಗಿರುವುದರಿಂದ ಸಮಸ್ತವಲ್ಲ. ಅದರ ಯಾವುದೇ ಸದಸ್ಯವು ಸಮೂಹದ ಒಂದು ಕಡಿತದಲ್ಲಿರುತ್ತದೆ. ಅದಕ್ಕಿಂತ ಚಿಕ್ಕವೆಲ್ಲವೂ, ದೊಡ್ಡದೊಂದೂ ಅಲ್ಲಿಯೇ ಇವೆ. ಆದ್ದರಿಂದ S ಕಡಿತವೇ. ಪ್ರತಿ ಮೇಲ್ಮಿತಿಯೂ ಎಲ್ಲ ಕಡಿತಗಳನ್ನು, ಎಂದರೆ Sಅನ್ನು, ಒಳಗೊಳ್ಳುವುದರಿಂದ S ಕನಿಷ್ಠ ಮೇಲ್ಮಿತಿ. ಇದೇ ಪೂರ್ಣತೆ.